ಕರಪತ್ರದ ಫೋಟೊ: ನೆರಳು, ಮಡಿಕೆ ತೆಗೆಯುವ ಬಗೆ

ಮೊಬೈಲಿನಲ್ಲಿ ತೆಗೆದ ಕಾಗದದ ಫೋಟೊದಲ್ಲಿ ಬಿಳಿ ಬಣ್ಣ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. ಕಿಟಕಿಯ ಕಡೆಗಿರುವ ಅಂಚು ಬೆಳ್ಳಗಿರುತ್ತದೆ, ಕೈ ಮತ್ತು ಫೋನಿನ ನೆರಳು ಬಿದ್ದ ಭಾಗ ಬೂದಾಗಿರುತ್ತದೆ, ಮಡಿಸಿದ ಗೆರೆಯ ಒಂದು ಮಗ್ಗುಲು ಕಪ್ಪಿಟ್ಟು ಇನ್ನೊಂದು ಮಗ್ಗುಲು ಹೊಳೆಯುತ್ತಿರುತ್ತದೆ. ಓದುವವರಿಗೆ ಇದರಿಂದ ತೊಂದರೆಯಿಲ್ಲ; ಕಣ್ಣು ತಾನಾಗಿಯೇ ಸರಿಪಡಿಸಿಕೊಂಡು ಇಡೀ ಹಾಳೆಯನ್ನು ಬಿಳಿ ಎಂದೇ ಗ್ರಹಿಸುತ್ತದೆ. ಆದರೆ ಅದೇ ಫೋಟೊದಲ್ಲಿ ಒಂದು ತಾರೀಕನ್ನು ಅಳಿಸಿ ಬೇರೆ ತಾರೀಕು ಕೂರಿಸಲು ಹೊರಟ ಕ್ಷಣವೇ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅಳಿಸಿದ ಜಾಗಕ್ಕೆ ಬಿಳಿ ತುಂಬಿದರೆ ಬೂದು ಹಾಳೆಯ ನಡುವೆ ಬಿಳಿ ತೇಪೆ ಹಾಕಿದಂತಾಗುತ್ತದೆ. ಪಕ್ಕದ ಬೂದನ್ನೇ ತುಂಬಿದರೆ ತೇಪೆಯ ಎಡ ಅಂಚು ಕೂಡಿಕೊಂಡು ಬಲ ಅಂಚು ಬೇರೆಯಾಗಿ ಕಾಣುತ್ತದೆ, ಏಕೆಂದರೆ ಅಷ್ಟು ಚಿಕ್ಕ ಜಾಗದಲ್ಲೂ ನೆರಳು ಎಡದಿಂದ ಬಲಕ್ಕೆ ಬದಲಾಗುತ್ತಿರುತ್ತದೆ. ಅಕ್ಷರವನ್ನು ಮುಟ್ಟುವ ಮೊದಲು ಹಾಳೆಯನ್ನು ಸಮ ಮಾಡಿಕೊಳ್ಳಬೇಕಾದದ್ದು ಈ ಕಾರಣಕ್ಕೆ.

ಜಾತ್ರೆಯ ಕರಪತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಅನೇಕ ಊರುಗಳಲ್ಲಿ ಈ ಪತ್ರದ ಒಕ್ಕಣೆ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಧ್ವಜಾರೋಹಣ, ರಥೋತ್ಸವ, ಅನ್ನಸಂತರ್ಪಣೆ ಎಲ್ಲ ಹಾಗೇ ಇದ್ದು ತಾರೀಕು, ವಾರ, ತಿಥಿಗಳಷ್ಟೇ ಬೇರೆಯಾಗುತ್ತವೆ. ಹಳೆಯ ಕಡತ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದಿಲ್ಲ, ಸಮಿತಿಯವರ ಬಳಿ ಇರುವುದು ಹೋದ ವರ್ಷದ ಒಂದೇ ಪ್ರತಿ, ಅದೂ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿದ್ದು ಎಂದಿಟ್ಟುಕೊಳ್ಳೋಣ. ಎ4 ಅಳತೆಯ ಹಾಳೆ, ನಡುವೆ ಅಡ್ಡ ಒಂದು ಮಡಿಕೆ, ಉದ್ದ ಒಂದು ಮಡಿಕೆ. ಈ ಪ್ರತಿಯ ಫೋಟೊ ತೆಗೆದು, ಶುದ್ಧ ಮಾಡಿ, ತಿದ್ದಿ, ಮತ್ತೆ ಮುದ್ರಣಕ್ಕೆ ಕೊಡಬೇಕು. ಪತ್ರ ಸಮಿತಿಯದೇ, ತಿದ್ದುವವರೂ ಅವರೇ, ಹಾಗಾಗಿ ಇದರಲ್ಲಿ ತಪ್ಪಿಲ್ಲ. ಅಂಕಪಟ್ಟಿ, ಪಹಣಿ, ರಸೀದಿಗಳಂಥ ದಾಖಲೆಗಳ ವಿಷಯ ಬೇರೆ: ಓದಲು ಅನುಕೂಲವಾಗಲೆಂದು ಅವುಗಳ ನೆರಳು ತೆಗೆಯಬಹುದು, ಒಳಗಿನ ಅಕ್ಷರ ಬದಲಿಸಿ ಬಳಸಿದರೆ ಅದು ಅಪರಾಧ.

ನೆರಳನ್ನು ತೆಗೆಯಲು ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಬ್ರೈಟ್‌ನೆಸ್ ಏರಿಸುವುದು. ಅದು ಏಕೆ ಫಲಿಸುವುದಿಲ್ಲ ಎಂಬುದನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಫೋಟೊದ ಪ್ರತಿ ಚುಕ್ಕೆಗೆ, ಅಂದರೆ ಪಿಕ್ಸೆಲ್‌ಗೆ, 0ಯಿಂದ 255ರವರೆಗಿನ ಒಂದು ಬೆಲೆ ಇರುತ್ತದೆ. 0 ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳಿ. ಬೆಳಕು ಚೆನ್ನಾಗಿ ಬಿದ್ದ ಕಡೆ ಕಾಗದದ ಬೆಲೆ 230, ಅಕ್ಷರದ ಬೆಲೆ 46 ಇದೆ ಎನ್ನೋಣ. ನೆರಳು ಬಿದ್ದ ಕಡೆ ಕಾಗದ 115ಕ್ಕೆ ಇಳಿದಿದೆ. ಅಲ್ಲಿ ಅಕ್ಷರವೂ ಅದೇ ಪ್ರಮಾಣದಲ್ಲಿ ಇಳಿದು 23 ಆಗಿರುತ್ತದೆ. ನೆರಳಿನ ಭಾಗಕ್ಕೆ 115 ಕೂಡಿಸಿದರೆ ಕಾಗದವೇನೋ 230ಕ್ಕೆ ಬರುತ್ತದೆ, ಆದರೆ ಅಕ್ಷರ 138 ಆಗಿ ಮಾಸಿಹೋಗುತ್ತದೆ. ಹಾಳೆ ಸಮವಾಯಿತು, ಮುದ್ರಣ ಕೆಟ್ಟಿತು. ಇಡೀ ಚಿತ್ರವನ್ನು ಒಂದೇ ಗೆರೆಯಲ್ಲಿ ಕಪ್ಪು-ಬಿಳುಪಾಗಿ ಕತ್ತರಿಸುವ ಉಪಾಯವೂ ಇದೆ. 128ಕ್ಕಿಂತ ಮೇಲಿನದ್ದೆಲ್ಲ ಬಿಳಿ, ಕೆಳಗಿನದ್ದೆಲ್ಲ ಕಪ್ಪು ಎಂದು ಗೊತ್ತುಮಾಡಿದರೆ 115ರ ಕಾಗದವೂ ಕಪ್ಪಾಗಿ, ನೆರಳು ಬಿದ್ದ ಕಡೆಯ ಅಕ್ಷರಗಳೆಲ್ಲ ಅದರಲ್ಲಿ ಮುಳುಗುತ್ತವೆ. ಆ ಗೆರೆ ಎಲ್ಲಿರಬೇಕೆಂದು ಚಿತ್ರದಿಂದಲೇ ಲೆಕ್ಕಹಾಕುವ ವಿಧಾನವನ್ನು ಒತ್ಸು ಎಂಬ ಜಪಾನಿ ಸಂಶೋಧಕರು 1979ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಬಳಕೆಯಲ್ಲಿದೆ. ಆದರೆ ಅದೂ ಇಡೀ ಚಿತ್ರಕ್ಕೆ ಒಂದೇ ಗೆರೆ ಎಳೆಯುವ ವಿಧಾನವಾದ್ದರಿಂದ ದಟ್ಟ ನೆರಳಿನ ಮುಂದೆ ಸೋಲುತ್ತದೆ.

ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಬಹುದು. 46ನ್ನು 230ರಿಂದ ಭಾಗಿಸಿದರೆ 0.2. 23ನ್ನು 115ರಿಂದ ಭಾಗಿಸಿದರೂ 0.2. ಅಂದರೆ ಬೆಳಕು ಎಷ್ಟೇ ಇರಲಿ, ಅಕ್ಷರ ತನ್ನ ಅಕ್ಕಪಕ್ಕದ ಕಾಗದಕ್ಕಿಂತ ಎಷ್ಟು ಪಾಲು ಕಪ್ಪು ಎಂಬ ಅನುಪಾತ ಬದಲಾಗುವುದಿಲ್ಲ. ನೆರಳು ಕಾಗದದಿಂದ ಬೆಲೆಯನ್ನು ಕಳೆಯುವುದಿಲ್ಲ, ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಗುಣಿಸುತ್ತದೆ. ಗುಣಿಸಿದ್ದನ್ನು ಬಿಡಿಸಲು ಭಾಗಾಕಾರವೇ ಬೇಕು. ಪ್ರತಿ ಚುಕ್ಕೆಯನ್ನೂ ಅದೇ ಜಾಗದ ಖಾಲಿ ಕಾಗದದ ಬೆಲೆಯಿಂದ ಭಾಗಿಸಿ 255ರಿಂದ ಗುಣಿಸಿದರೆ ಎರಡೂ ಕಡೆ ಕಾಗದ 255, ಎರಡೂ ಕಡೆ ಅಕ್ಷರ 51 ಆಗುತ್ತದೆ. ನೆರಳು ತೆಗೆಯುವ ಕೆಲಸದ ತಿರುಳು ಇಷ್ಟೇ.

ಆದರೆ ಖಾಲಿ ಕಾಗದದ ಫೋಟೊ ಎಲ್ಲಿಂದ ತರುವುದು? ಅಕ್ಷರವಿಲ್ಲದ, ನೆರಳು ಮಾತ್ರ ಇರುವ ಹಾಳೆಯ ಚಿತ್ರ ಯಾರ ಬಳಿಯೂ ಇರುವುದಿಲ್ಲ. ಅದನ್ನು ಇದೇ ಫೋಟೊದಿಂದ ಊಹಿಸಿ ಕಟ್ಟಿಕೊಳ್ಳಬೇಕು, ಮತ್ತು ಫಲಿತಾಂಶದ ಗುಣವೆಲ್ಲ ಆ ಊಹೆ ಎಷ್ಟು ಚೆನ್ನಾಗಿದೆ ಎಂಬುದನ್ನೇ ಅವಲಂಬಿಸಿದೆ. ಊಹೆಗೆ ಆಧಾರವಾಗುವುದು ಎರಡು ಸಂಗತಿ. ಅಕ್ಷರದ ಗೆರೆಗಳು ಸಪೂರ, ನೆರಳು ಅಗಲ. ಅಕ್ಷರ ಕಾಗದಕ್ಕಿಂತ ಯಾವಾಗಲೂ ಕಪ್ಪು. ಹಾಗಾಗಿ ಪ್ರತಿ ಚುಕ್ಕೆಯ ಸುತ್ತ ಅಕ್ಷರದ ಗೆರೆಗಿಂತ ಸಾಕಷ್ಟು ಅಗಲವಾದ ಒಂದು ಕಿಂಡಿಯನ್ನಿಟ್ಟು, ಅದರೊಳಗಿನ ಚುಕ್ಕೆಗಳಲ್ಲಿ ಬೆಳ್ಳಗಿನವುಗಳ ಬೆಲೆಯನ್ನು ಆರಿಸಿಕೊಂಡರೆ ಅದು ಅಲ್ಲಿನ ಕಾಗದದ ಬೆಲೆಯೇ ಆಗಿರುತ್ತದೆ.

ಈ ಕೆಲಸ ಶುರುವಾಗುವುದಕ್ಕೂ ಮೊದಲು ಫೋಟೊ ತೆಗೆಯುವಾಗಲೇ ಅರ್ಧ ನೆರಳನ್ನು ತಪ್ಪಿಸಬಹುದು. ಟ್ಯೂಬ್‌ಲೈಟಿನ ಕೆಳಗೆ ನಿಂತು ಮೇಜಿನ ಮೇಲೆ ಬಗ್ಗಿದರೆ ತಲೆ, ತೋಳು, ಫೋನು ಮೂರೂ ಹಾಳೆಯ ಮೇಲೆ ನೆರಳಾಗುತ್ತವೆ. ಹಗಲಿನಲ್ಲಿ ಜಗುಲಿಯಲ್ಲೋ ದೊಡ್ಡ ಕಿಟಕಿಯ ಪಕ್ಕದಲ್ಲೋ, ಬಿಸಿಲು ನೇರವಾಗಿ ಬೀಳದ ಕಡೆ ಹಾಳೆಯನ್ನಿಟ್ಟು, ಫೋನನ್ನು ತುಸು ಎತ್ತರಕ್ಕೆ ಒಯ್ದು ಎರಡು ಪಟ್ಟು ಜೂಮ್ ಮಾಡಿ ತೆಗೆದರೆ ಫೋನಿನ ನೆರಳು ಹಾಳೆಯಿಂದ ಆಚೆ ಸರಿಯುತ್ತದೆ, ಉಳಿದದ್ದರ ಅಂಚೂ ಮೃದುವಾಗುತ್ತದೆ. ಫ್ಲಾಶ್ ಬೇಡ, ಹಾಳೆಯ ನಡುವೆ ಅದು ಮಾಡುವ ಬಿಳಿ ಮಚ್ಚೆಯಲ್ಲಿ ಬೆಲೆ 255ನ್ನು ಮುಟ್ಟಿಬಿಟ್ಟರೆ ಅಲ್ಲಿನ ತೆಳು ಗೆರೆಗಳು ಮತ್ತೆ ಸಿಗುವುದಿಲ್ಲ. ಮಡಿಕೆಯ ವಿಷಯದಲ್ಲಿ ಬೆಳಕಿನ ದಿಕ್ಕು ಇನ್ನೂ ಮುಖ್ಯ. ಒಂದೇ ಕಡೆಯಿಂದ ಓರೆಯಾಗಿ ಬರುವ ಬೆಳಕು ಪ್ರತಿ ಸುಕ್ಕಿಗೂ ಒಂದು ನೆರಳು ಕಟ್ಟಿಕೊಡುತ್ತದೆ. ಮೋಡ ಕವಿದ ದಿನದ ಬೆಳಕಿನಲ್ಲಿ ಅದೇ ಸುಕ್ಕು ಬಹುಮಟ್ಟಿಗೆ ಕಾಣುವುದೇ ಇಲ್ಲ. ಹಾಳೆಯನ್ನು ಹಿಂದಿನ ರಾತ್ರಿ ದಪ್ಪ ಪುಸ್ತಕಗಳ ಅಡಿಯಲ್ಲಿ ಒತ್ತಿಟ್ಟರೆ ಮುಂದಿನ ಎಷ್ಟೋ ಕೆಲಸ ಉಳಿಯುತ್ತದೆ.

12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 4000 ಚುಕ್ಕೆ ಉದ್ದ, 3000 ಚುಕ್ಕೆ ಅಗಲ ಇರುತ್ತದೆ. ಎ4 ಹಾಳೆ ಚೌಕಟ್ಟನ್ನು ಪೂರ್ತಿ ತುಂಬಿದ್ದರೆ ಹಾಳೆಯ ಒಂದು ಅಂಗುಲಕ್ಕೆ ಸರಿಸುಮಾರು 340 ಚುಕ್ಕೆ ಸಿಗುತ್ತವೆ, ಮುದ್ರಣಕ್ಕೆ ಅಷ್ಟು ಸಾಕು. ಆ ಲೆಕ್ಕದಲ್ಲಿ 12 ಪಾಯಿಂಟಿನ ಅಕ್ಷರದ ಸಾಲಿಗೆ 57 ಚುಕ್ಕೆಯಷ್ಟು ಎತ್ತರ ದೊರೆಯುತ್ತದೆ, ಅಕ್ಷರದ ಗೆರೆಯ ದಪ್ಪ ಐದಾರು ಚುಕ್ಕೆ ಇರುತ್ತದೆ. ಈ ಅಂದಾಜು ಮುಂದೆ ಬೇಕಾಗುತ್ತದೆ.

ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಇಡೀ ಕೆಲಸ ಮಾಡಬಹುದು. ಮೊದಲು ಹಾಳೆಯ ಆಕಾರವನ್ನು ಸರಿಮಾಡಬೇಕು. `Perspective` ಸಾಧನದಲ್ಲಿ `Corrective (Backward)` ಆರಿಸಿ, ನಾಲ್ಕು ಮೂಲೆಗಳನ್ನು ಹಾಳೆಯ ನಾಲ್ಕು ಮೂಲೆಗೆ ಹೊಂದಿಸಿದರೆ ಓರೆಯಾಗಿ ಬಂದ ಹಾಳೆ ನೆಟ್ಟಗಾಗುತ್ತದೆ. ಆಮೇಲೆ ಮೇಜು, ಬೆರಳು ಕಾಣುವ ಅಂಚನ್ನೆಲ್ಲ ಕತ್ತರಿಸಿ ಬಿಡಬೇಕು. ಕಾಗದವಲ್ಲದ್ದು ಚೌಕಟ್ಟಿನಲ್ಲಿ ಉಳಿದರೆ ಅದನ್ನೂ ಕಾಗದವೆಂದೇ ಲೆಕ್ಕ ಹಿಡಿದು ಅಂಚಿನ ಸಾಲುಗಳು ಕೆಡುತ್ತವೆ. ನಾಲ್ಕು ಮಡಿಕೆಯ ಕರಪತ್ರ ಪೂರ್ತಿ ಚಪ್ಪಟೆಯಾಗದಿದ್ದರೆ ಮಡಿಕೆಯ ಎರಡು ಕಡೆಯ ಭಾಗಗಳು ಎರಡು ಬೇರೆ ಇಳಿಜಾರಿನಲ್ಲಿರುತ್ತವೆ. ಆಗ ಸಾಲು ಮಡಿಕೆಯ ಬಳಿ ಬಂದು ಮುರಿದಂತೆ ಕಾಣುತ್ತದೆ. ಅಳತೆಗೆರೆಯೊಂದನ್ನು ಎಳೆದು ಒಂದು ಸಾಲಿನ ತಲೆಕಟ್ಟುಗಳ ಮೇಲೆ ಇಟ್ಟರೆ ಇದು ಕೂಡಲೇ ಗೊತ್ತಾಗುತ್ತದೆ: ಎಡಭಾಗದ ತಲೆಕಟ್ಟುಗಳು ಗೆರೆಯ ಮೇಲಿದ್ದು ಬಲಭಾಗದವು ನಾಲ್ಕೈದು ಚುಕ್ಕೆ ಕೆಳಗಿಳಿದಿರುತ್ತವೆ. ಇಂಥಲ್ಲಿ ಇಡೀ ಹಾಳೆಯನ್ನು ಒಂದೇ ಬಾರಿಗೆ ತಿದ್ದುವ ಬದಲು, ಮಡಿಕೆ ಮಾಡಿದ ಪ್ರತಿ ಭಾಗವನ್ನೂ ಬೇರೆ ಪದರವಾಗಿ ಕತ್ತರಿಸಿಕೊಂಡು ಒಂದೊಂದನ್ನೇ ನೆಟ್ಟಗೆ ಮಾಡಿ ಜೋಡಿಸುವುದು ಮೇಲು. ಮಡಿಕೆ ಗಟ್ಟಿಯಾಗಿದ್ದಷ್ಟೂ ಪ್ರತಿ ಭಾಗ ಸಮತಲವಾಗಿರುತ್ತದೆ, ಹಾಗಾಗಿ ಈ ವಿಧಾನ ಚೆನ್ನಾಗಿ ಒಪ್ಪುತ್ತದೆ. ಮುದುಡಿ ಉಂಡೆ ಮಾಡಿದ ಕಾಗದಕ್ಕೆ ಇದು ಒಪ್ಪುವುದಿಲ್ಲ.

ಈಗ ನೆರಳಿನ ಸರದಿ. `Layer > Duplicate Layer` ಒತ್ತಿ ಚಿತ್ರದ ಇನ್ನೊಂದು ಪ್ರತಿಯನ್ನು ಮೇಲಿನ ಪದರವಾಗಿ ಮಾಡಿಕೊಳ್ಳಬೇಕು. ಈ ಮೇಲಿನ ಪದರವೇ ಖಾಲಿ ಕಾಗದವಾಗಿ ಮಾರ್ಪಡುವುದು. ಅದರ ಮೇಲೆ `Filters > Blur > Median Blur` ತೆರೆದರೆ ಎರಡು ಮುಖ್ಯ ಗುಂಡಿಗಳಿವೆ. `Radius` ಎಂಬುದು ಕಿಂಡಿಯ ಅಗಲವನ್ನು ತೀರ್ಮಾನಿಸುತ್ತದೆ. 40 ಕೊಟ್ಟರೆ ಆ ಚುಕ್ಕೆಯ ಎಲ್ಲ ಕಡೆಗೂ 40 ಚುಕ್ಕೆ ಹರಡಿ, ಒಟ್ಟು 81 ಚುಕ್ಕೆ ಅಗಲದ ಕಿಂಡಿಯಾಗುತ್ತದೆ. `Percentile` ಎಂಬುದು ಕಿಂಡಿಯೊಳಗಿನ ಚುಕ್ಕೆಗಳನ್ನು ಕಪ್ಪಿನಿಂದ ಬಿಳಿಯವರೆಗೆ ಸಾಲಾಗಿ ನಿಲ್ಲಿಸಿದಾಗ ಎಷ್ಟನೆಯದನ್ನು ಆರಿಸಬೇಕು ಎಂದು ಹೇಳುತ್ತದೆ. ತೆರೆದಾಗ ಅದು 50ರಲ್ಲಿರುತ್ತದೆ, ಅಂದರೆ ಸಾಲಿನ ನಟ್ಟನಡುವಿನ ಚುಕ್ಕೆ. ಒತ್ತೊತ್ತಾಗಿ ಅಚ್ಚಾದ, ದಪ್ಪ ಅಕ್ಷರದ ಸಾಲುಗಳಲ್ಲಿ ನಡುವಿನದು ಕಾಗದವಾಗಿರದೆ ಅಕ್ಷರದ ಅಂಚೇ ಆಗಿಬಿಡಬಹುದು. ಅದನ್ನು 85ಕ್ಕೆ ಏರಿಸಿದರೆ ಕಿಂಡಿಯಲ್ಲಿ 100ಕ್ಕೆ 15 ಪಾಲು ಖಾಲಿ ಕಾಗದ ಇದ್ದರೂ ಸಾಕು, ಕಾಗದದ ಬೆಲೆಯೇ ಸಿಗುತ್ತದೆ. 100ಕ್ಕೆ ಏರಿಸಬಾರದು, ಆಗ ಕಿಂಡಿಯಲ್ಲಿರುವ ಒಂದೇ ಒಂದು ಹೊಳಪಿನ ಚುಕ್ಕೆ ಇಡೀ ನೆರೆಹೊರೆಯ ಬೆಲೆಯನ್ನು ನಿರ್ಧರಿಸುತ್ತದೆ.

ಫಿಲ್ಟರ್ ಮುಗಿದಾಗ ಮೇಲಿನ ಪದರದಲ್ಲಿ ಅಕ್ಷರಗಳೆಲ್ಲ ಮಾಯವಾಗಿ, ನೆರಳಿನ ಏರಿಳಿತ ಮಾತ್ರ ಮಂಜಿನಂತೆ ಉಳಿದಿರಬೇಕು. ಸಾಲುಗಳ ಜಾಡು ಇನ್ನೂ ಮಸುಕಾಗಿ ಕಂಡರೆ ಕಿಂಡಿ ಸಾಲದು ಎಂದರ್ಥ, `Radius` ಹೆಚ್ಚಿಸಬೇಕು. ಮೆಟ್ಟಿಲು ಮೆಟ್ಟಿಲಾಗಿ ಕಂಡರೆ `Gaussian Blur` ಅನ್ನು 10ರಿಂದ 15ರ ಅಳತೆಯಲ್ಲಿ ಒಮ್ಮೆ ಹಾಯಿಸಿದರೆ ಸಾಕು. ಕೊನೆಗೆ ಈ ಪದರದ `Mode` ಅನ್ನು `Divide` ಎಂದು ಬದಲಿಸಬೇಕು. ಕೆಳಗಿನ ಪದರವನ್ನು ಮೇಲಿನದು ಭಾಗಿಸುತ್ತದೆ. ನೆರಳು ಒಮ್ಮೆಲೇ ಇಲ್ಲವಾಗುತ್ತದೆ. ಈ ಭಾಗಾಕಾರ ಕೆಂಪು, ಹಸಿರು, ನೀಲಿ ಮೂರೂ ಬಣ್ಣಗಳಲ್ಲಿ ಪ್ರತ್ಯೇಕವಾಗಿ ನಡೆಯುವುದರಿಂದ ಇನ್ನೊಂದು ಲಾಭವಿದೆ. ಕಿಟಕಿಯ ಬೆಳಕು ತಡೆದ ಕಡೆ ಒಳಗಿನ ಬಲ್ಬಿನ ಹಳದಿ ಬೆಳಕಷ್ಟೇ ಉಳಿದು, ನೆರಳಿಗೆ ಒಂದು ಬಣ್ಣವೂ ಬಂದಿರುತ್ತದೆ. ಆ ಬಣ್ಣವೂ ನೆರಳಿನ ಜೊತೆಗೇ ಹೋಗುತ್ತದೆ.

ಹೋಗಬಾರದ ಬಣ್ಣವೂ ಹೋಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಕರಪತ್ರಗಳನ್ನು ತೆಳು ಗುಲಾಬಿ, ಹಳದಿ ಕಾಗದದ ಮೇಲೆ ಅಚ್ಚು ಹಾಕಿಸುವ ರೂಢಿ ಇನ್ನೂ ಇದೆ. ಭಾಗಾಕಾರಕ್ಕೆ ಕಾಗದದ ಬಣ್ಣ ಯಾವುದು, ಬೆಳಕಿನ ಬಣ್ಣ ಯಾವುದು ಎಂಬ ಭೇದ ತಿಳಿಯದು. ಹಳದಿ ಹಾಳೆ ಅಚ್ಚಬಿಳಿಯಾಗಿ ಹೊರಬರುತ್ತದೆ. ಮತ್ತೆ ಹಳದಿ ಕಾಗದದ ಮೇಲೆಯೇ ಮುದ್ರಿಸುವುದಾದರೆ ಇದು ಅನುಕೂಲವೇ, ಏಕೆಂದರೆ ಮುದ್ರಣಕ್ಕೆ ಅಕ್ಷರ ಮಾತ್ರ ಬೇಕು. ವಾಟ್ಸ್ಯಾಪಿನಲ್ಲಿ ಹಂಚಲು ಹಳದಿ ಬಣ್ಣವೂ ಇರಬೇಕೆಂದರೆ ಶುದ್ಧವಾದ ಚಿತ್ರದ ಮೇಲೆ ಒಂದೇ ಸಮನಾದ ಹಳದಿಯ ಪದರವನ್ನಿಟ್ಟು ಅದರ `Mode` ಅನ್ನು `Multiply` ಮಾಡಿದರೆ ಸರಿ. ನೆರಳಿನ ಹಳದಿ ಹೋಗಿ ಸಮನಾದ ಹಳದಿ ಬಂದಂತಾಗುತ್ತದೆ.

ಈ ವಿಧಾನ ತಪ್ಪುವ ಕಡೆಗಳನ್ನು ಗುರುತಿಸುವುದು ಕಷ್ಟವಲ್ಲ. ಕರಪತ್ರದ ನೆತ್ತಿಯಲ್ಲಿ ದೇವರ ಚಿತ್ರವೋ ಮುದ್ರೆಯೋ ದೊಡ್ಡಕ್ಷರದ ಶೀರ್ಷಿಕೆಯೋ ಇರುತ್ತದೆ. ಶೀರ್ಷಿಕೆಯ ಗೆರೆ 30 ಚುಕ್ಕೆ ದಪ್ಪವಿದ್ದರೆ 81 ಚುಕ್ಕೆಯ ಕಿಂಡಿಯಲ್ಲಿ ಬೇಕಾದಷ್ಟು ಕಾಗದ ಉಳಿದೇ ಇರುತ್ತದೆ. ಆದರೆ 90 ಚುಕ್ಕೆ ಅಗಲದ ಕಪ್ಪು ಪಟ್ಟಿಯ ನಡುವೆ ಕಿಂಡಿ ನಿಂತಾಗ ಅದರೊಳಗೆ ಕಾಗದವೇ ಇರುವುದಿಲ್ಲ. ಆಗ ಪಟ್ಟಿಯ ಕಪ್ಪನ್ನೇ ಕಾಗದವೆಂದು ಬಗೆದು ಅದನ್ನು ಅದರಿಂದಲೇ ಭಾಗಿಸಿದಾಗ ನಡುವೆ ಬಿಳಿಯಾಗಿ, ಅಂಚು ಮಾತ್ರ ಕಪ್ಪಾಗಿ ಉಳಿಯುತ್ತದೆ. ದೇವರ ಚಿತ್ರವೂ ಹೀಗೆಯೇ ಟೊಳ್ಳಾಗಿ ಬರುತ್ತದೆ. ಇದಕ್ಕೆ ಕಿಂಡಿಯನ್ನು ಇನ್ನೂ ಹಿರಿದು ಮಾಡುವುದು ಒಳ್ಳೆಯ ಪರಿಹಾರವಲ್ಲ. ಕಿಂಡಿ ಹಿರಿದಾದಷ್ಟೂ ನೆರಳಿನ ಅಂಚನ್ನು ಅನುಸರಿಸುವ ಶಕ್ತಿ ಕಡಿಮೆಯಾಗುತ್ತದೆ. ತಿದ್ದಬೇಕಾದದ್ದು ಊಹಿಸಿದ ಕಾಗದವನ್ನು, ಅಂದರೆ ಮೇಲಿನ ಪದರವನ್ನು. `Mode` ಅನ್ನು ತಾತ್ಕಾಲಿಕವಾಗಿ `Normal` ಮಾಡಿ ನೋಡಿದರೆ ಚಿತ್ರವಿರುವ ಕಡೆ ಒಂದು ಕಪ್ಪು ಮಚ್ಚೆ ಕಾಣುತ್ತದೆ. ಪಕ್ಕದ ಖಾಲಿ ಕಾಗದದ ಬಣ್ಣವನ್ನು ಹೀರಿಕೊಂಡು ದೊಡ್ಡ ಮೃದು ಕುಂಚದಿಂದ ಆ ಮಚ್ಚೆಯನ್ನು ಮುಚ್ಚಿ, ಮತ್ತೆ `Divide` ಮಾಡಿದರೆ ಚಿತ್ರ ತನ್ನ ಮೈದುಂಬಿಕೊಂಡು ಹಿಂದಿರುಗುತ್ತದೆ. ಫಲಿತಾಂಶವನ್ನು ತಿದ್ದುವುದಕ್ಕಿಂತ ಊಹೆಯನ್ನು ತಿದ್ದುವುದು ಯಾವಾಗಲೂ ಸುಲಭ.

ಬಿಸಿಲಿನಲ್ಲಿ ಬಿದ್ದ ನೆರಳಿನ ಅಂಚು ಕತ್ತರಿಸಿದಂತೆ ಚೂಪಾಗಿರುತ್ತದೆ. ಅಂಥ ಅಂಚಿನಲ್ಲಿ ಕಿಂಡಿಯ ಒಂದು ಪಾಲು ಬಿಸಿಲಿನಲ್ಲಿ, ಇನ್ನೊಂದು ಪಾಲು ನೆರಳಿನಲ್ಲಿ ಇರುವುದರಿಂದ ಊಹೆ ಬಿಸಿಲಿನ ಕಡೆಗೆ ವಾಲಿ, ನೆರಳಿನ ಅಂಚಿನುದ್ದಕ್ಕೂ ಬೂದು ಪಟ್ಟಿಯೊಂದು ಉಳಿದುಬಿಡುತ್ತದೆ. ಇದು ಕಂಡರೆ ತಂತ್ರಾಂಶದಲ್ಲಿ ಗುದ್ದಾಡುವುದಕ್ಕಿಂತ ಫೋಟೊವನ್ನೇ ಇನ್ನೊಮ್ಮೆ ತೆಗೆಯುವುದು ಲೇಸು. ದಟ್ಟ ನೆರಳಿನಲ್ಲಿ ಇನ್ನೊಂದು ಬಗೆಯ ಕೇಡಿದೆ. ಕ್ಯಾಮೆರಾದ ಪ್ರತಿ ಚುಕ್ಕೆಯಲ್ಲೂ ಅಷ್ಟಿಷ್ಟು ಗೊಂದಲ ಬೆರೆತಿರುತ್ತದೆ. ಅದು 4ರಷ್ಟು ಏರಿಳಿತ ಎಂದುಕೊಂಡರೆ, 230 ಬೆಲೆಯ ಕಾಗದದ ಮೇಲೆ ಭಾಗಿಸಿದ ನಂತರವೂ ಅದು 4ರ ಆಸುಪಾಸಿನಲ್ಲೇ ಇರುತ್ತದೆ. ಅದೇ 40ಕ್ಕೆ ಇಳಿದ ಕಡುನೆರಳಿನಲ್ಲಿ ಭಾಗಾಕಾರದ ನಂತರ 25ಕ್ಕೆ ಹಿಗ್ಗುತ್ತದೆ. ಹಾಳೆ ಬೆಳ್ಳಗಾದರೂ ಮರಳು ಚೆಲ್ಲಿದ ಹಾಗೆ ಕಾಣುತ್ತದೆ, ಜೆಪೆಗ್ ಕಡತವಾಗಿದ್ದರೆ ಎಂಟು ಚುಕ್ಕೆ ಅಗಲದ ಚೌಕಗಳೂ ಮೇಲೇಳುತ್ತವೆ. ವಾಟ್ಸ್ಯಾಪಿನಲ್ಲಿ ಫೋಟೊವಾಗಿ ಬಂದ ಪ್ರತಿಯಲ್ಲಿ ಈ ಚೌಕಗಳು ಇನ್ನೂ ಹೆಚ್ಚು. ಕಳಿಸುವವರಿಗೆ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುವುದು ಎಷ್ಟೋ ವಾಸಿ.

ಹಾಳೆ ನಿಜವಾಗಿ ಸಮವಾಗಿದೆಯೇ ಎಂದು ಕಣ್ಣನ್ನು ನಂಬಿ ಹೇಳಲಾಗದು. ಅದೇ ಕಣ್ಣೇ ತಾನೆ ಮೊದಲು ನೆರಳನ್ನು ಮರೆಮಾಚಿದ್ದು. ಎರಡು ಪದರಗಳನ್ನು ಒಂದುಗೂಡಿಸಿ, `Colors > Threshold` ತೆರೆದು ಗೆರೆಯನ್ನು 225ಕ್ಕೆ ಎಳೆದು ನೋಡಬೇಕು. 225ಕ್ಕಿಂತ ಕೆಳಗಿರುವುದೆಲ್ಲ ಕಪ್ಪಾಗಿ ಕಾಣುತ್ತದೆ: ಅಕ್ಷರಗಳು, ಮಡಿಕೆಯ ಗೆರೆ, ಮತ್ತು ಎಲ್ಲಿಯಾದರೂ ಉಳಿದ ನೆರಳು. ನೆರಳಿದ್ದರೆ ಅದು ದೊಡ್ಡ ಮಸಿ ಮಚ್ಚೆಯಾಗಿ ಎದ್ದು ಕಾಣುತ್ತದೆ. ನೋಡಿದ ಮೇಲೆ `Cancel` ಒತ್ತಿ ಹೊರಬರಬೇಕು, ಇದು ಪರೀಕ್ಷೆಗಷ್ಟೇ.

ಈ ಪರೀಕ್ಷೆಯಲ್ಲಿ ಮಡಿಕೆಯ ಗೆರೆಗಳು ಉಳಿದೇ ಉಳಿಯುತ್ತವೆ. ಕಾರಣ ಸರಳ: ಮಡಿಕೆಯ ಗೆರೆ ಅಕ್ಷರದ ಗೆರೆಯಷ್ಟೇ ಸಪೂರ. ಸಪೂರವಾಗಿದ್ದು ಕಪ್ಪಾಗಿರುವುದೆಲ್ಲ ಅಕ್ಷರ ಎಂಬ ನಿಯಮದ ಮೇಲೆ ನಡೆದ ಭಾಗಾಕಾರ ಅದನ್ನೂ ಅಕ್ಷರವೆಂದೇ ಉಳಿಸಿಕೊಳ್ಳುತ್ತದೆ. ಹತ್ತಿರದಿಂದ ನೋಡಿದರೆ ಒಂದು ಮಡಿಕೆಯಲ್ಲಿ ಮೂರು ಭಾಗಗಳಿವೆ. ಬೆಳಕಿಗೆ ಮುಖ ಮಾಡಿದ ಮಗ್ಗುಲು ಕಾಗದಕ್ಕಿಂತ ಬೆಳ್ಳಗಿರುತ್ತದೆ. ಭಾಗಾಕಾರದ ನಂತರ ಅದು 255ರಲ್ಲಿ ಸೇರಿಹೋಗುವುದರಿಂದ ಅದರ ಚಿಂತೆಯಿಲ್ಲ. ಬೆಳಕಿಗೆ ಬೆನ್ನು ಮಾಡಿದ ಮಗ್ಗುಲು ಬೂದು ಗೆರೆಯಾಗಿ ನಿಲ್ಲುತ್ತದೆ. ನಟ್ಟನಡುವೆ, ಕಾಗದದ ನಾರು ಮುರಿದ ಕಡೆ, ಶಾಯಿಯೇ ಉದುರಿ ಅಕ್ಷರದ ಮೈಯಲ್ಲಿ ಬಿಳಿ ಬಿರುಕು ಬಿಟ್ಟಿರುತ್ತದೆ. ಬೂದು ಗೆರೆ ಇಲ್ಲದ್ದನ್ನು ಸೇರಿಸಿದೆ, ಬಿಳಿ ಬಿರುಕು ಇದ್ದದ್ದನ್ನು ಕಳೆದಿದೆ. ಎರಡಕ್ಕೂ ಮದ್ದು ಬೇರೆ.

ಬೂದು ಗೆರೆಯನ್ನು ಮೊದಲು ತೆಗೆಯಬೇಕು. `Color Picker` ಹಿಡಿದು ಗೆರೆಯ ಮೇಲೆ ಒತ್ತಿದಾಗ ಬೆಲೆ 185 ಬಂತು, ದಪ್ಪ ಅಕ್ಷರದ ಮೈ 50 ಬಂತು ಎನ್ನೋಣ. ಇವೆರಡರ ನಡುವೆ ಸಾಕಷ್ಟು ಅಂತರವಿದೆ. `Colors > Levels` ತೆರೆದು ಬಿಳಿಯ ಗುಂಡಿಯನ್ನು 170ಕ್ಕೆ ತಂದರೆ 170ಕ್ಕಿಂತ ಮೇಲಿನದ್ದೆಲ್ಲ ಬಿಳಿಯಾಗುತ್ತದೆ, 185ರ ಮಡಿಕೆಯೂ ಹೋಗುತ್ತದೆ. ಆದರೆ ಇಲ್ಲಿ ಕನ್ನಡ ಲಿಪಿಯ ಒಂದು ಸೂಕ್ಷ್ಮವನ್ನು ನೆನಪಿಡಬೇಕು. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’ ಇವುಗಳ ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳುಗೆರೆ ಮಾತ್ರ. ಅದು ಅಕ್ಷರದ ಮಿಕ್ಕ ಭಾಗಕ್ಕಿಂತ ಸಪೂರವಾದ್ದರಿಂದ ಫೋಟೊದಲ್ಲಿ ಎಂದೂ ಕಡುಗಪ್ಪಾಗಿ ಬರುವುದಿಲ್ಲ. 120, 130ರ ಆಸುಪಾಸಿನಲ್ಲಿ ಇರುತ್ತದೆ. ಬಿಳಿಯ ಗುಂಡಿ 170ರಲ್ಲಿದ್ದರೆ ಅದು ತೆಳುವಾದರೂ ಉಳಿಯುತ್ತದೆ. ಮಡಿಕೆ ಪೂರ್ತಿ ಹೋಗಲೆಂದು ಗುಂಡಿಯನ್ನು 125ರವರೆಗೆ ಎಳೆದರೆ ಸೀಳುಗೆರೆಯೂ ಅಳಿಸಿಹೋಗಿ ‘ಧನಸಹಾಯ ಮಾಡಿದವರು’ ಎಂಬ ಸಾಲು ‘ದನಸಹಾಯ’ ಆಗುತ್ತದೆ. ತಿರುವುಮುರುವಾಗಿ, ‘ದ’ದ ಬುಡದ ಮೂಲಕ ಹಾದ ಉದ್ದ ಮಡಿಕೆಯ ತುಣುಕು ಉಳಿದುಬಿಟ್ಟರೆ ಅದು ‘ಧ’ ಎಂದು ಓದಿಸಿಕೊಳ್ಳುತ್ತದೆ. ಹಾಗಾಗಿ ಗುಂಡಿ ಎಳೆಯುವ ಮೊದಲು ಹಾಳೆಯಲ್ಲಿರುವ ಅತಿ ಸಪೂರ ಗೆರೆಯ ಬೆಲೆಯನ್ನು ನೋಡಿಕೊಂಡು, ಅದಕ್ಕೂ ಮಡಿಕೆಯ ಬೆಲೆಗೂ ನಡುವೆ ಗುಂಡಿಯನ್ನು ನಿಲ್ಲಿಸಬೇಕು. ಇಡೀ ಹಾಳೆಗೆ ಹೀಗೆ ಮಾಡುವ ಅಗತ್ಯವೂ ಇಲ್ಲ. ಮಡಿಕೆಯ ಉದ್ದಕ್ಕೂ ಬೆರಳಗಲದ ಪಟ್ಟಿಯೊಂದನ್ನು ಆಯ್ದು, ಅದರ ಅಂಚನ್ನು `Feather` ಮಾಡಿ, ಅಷ್ಟಕ್ಕೆ ಮಾತ್ರ `Levels` ಹಾಕಿದರೆ ಉಳಿದ ಸಾಲುಗಳು ಸುರಕ್ಷಿತ.

ಮಡಿಕೆಯ ನೆರಳು ಅಕ್ಷರದಷ್ಟೇ ಕಪ್ಪಾಗಿದ್ದರೆ ಈ ಉಪಾಯ ನಡೆಯದು, ಕೈಕೆಲಸವೇ ಗತಿ. ಸಾಲು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಅದು ತೀರಾ ಸುಲಭ. ಹಾಳೆ ಈಗಾಗಲೇ ಸಮವಾಗಿ ಬಿಳಿಯಾಗಿರುವುದರಿಂದ ಬಿಳಿ ಕುಂಚ ಎಳೆದರೆ ಆಯಿತು. ನೆರಳು ತೆಗೆಯುವ ಮೊದಲೇ ಮಡಿಕೆ ತಿದ್ದಲು ಹೊರಟವರು ಪ್ರತಿ ಗುಕ್ಕಿಗೂ ಹೊಂದುವ ಬೂದನ್ನು ಹುಡುಕಿ ಹುಡುಕಿ ದಣಿಯುತ್ತಾರೆ. ಕಾಗದದ ನವಿರು ಮೈಯನ್ನು ಉಳಿಸಿಕೊಳ್ಳಬೇಕೆನ್ನುವವರು ಬಿಳಿ ಕುಂಚದ ಬದಲು `Heal` ಬಳಸಬಹುದು, ಆದರೆ ಅಕ್ಷರದ ಹತ್ತಿರ ಅದನ್ನು ಒಯ್ಯಬಾರದು. ಸುತ್ತಲಿನ ಬಣ್ಣವನ್ನು ಬೆರೆಸಿಕೊಂಡು ತಿದ್ದುವುದು ಅದರ ಸ್ವಭಾವ. ಪಕ್ಕದಲ್ಲಿ ಕಪ್ಪು ಗೆರೆ ಸಿಕ್ಕಿದರೆ ಅದನ್ನೂ ಎಳೆದು ಮಸಿ ಹರಡಿದಂತೆ ಮಾಡುತ್ತದೆ. ಅಕ್ಷರದ ಬಳಿ ಗಡಸು ಅಂಚಿನ ಸಣ್ಣ ಕುಂಚವನ್ನು `Clone`ಗೆ ಕೊಟ್ಟು, ಖಾಲಿ ಕಾಗದವನ್ನು ಹೆಕ್ಕಿ ತಂದು ಮುಚ್ಚಬೇಕು. ಒತ್ತಕ್ಷರಗಳಿರುವ ಕಡೆ ಹೆಚ್ಚು ಎಚ್ಚರ ಬೇಕು. ಸಾಲಿನ ಕೆಳಗೆ ಇಳಿದ ಒತ್ತಿನ ಬಾಲವೂ ಅಡ್ಡ ಮಡಿಕೆಯ ಗೆರೆಯೂ ಒಂದರಲ್ಲೊಂದು ಬೆರೆತಿರುವುದುಂಟು.

ಶಾಯಿ ಉದುರಿದ ಅಕ್ಷರವನ್ನು ಕುಂಚದಿಂದ ಬರೆದು ತುಂಬಿಸಿದರೆ ಅದು ಬರೆದದ್ದೆಂದು ತಿಳಿದೇ ತಿಳಿಯುತ್ತದೆ. ಅದೇ ಹಾಳೆಯಲ್ಲಿ ಅದೇ ಗಾತ್ರದ ಅದೇ ಅಕ್ಷರವನ್ನು ಹುಡುಕಿ, ನಕಲು ತೆಗೆದು ಕೂರಿಸುವುದು ಸರಿಯಾದ ದಾರಿ. ‘ರಥೋತ್ಸವ’ದ ‘ತ್ಸ’ ಮಡಿಕೆಗೆ ಸಿಕ್ಕಿ ಒಡೆದಿದ್ದರೆ ಆ ಪದ ಕರಪತ್ರದಲ್ಲಿ ಬೇರೆಲ್ಲಿಯಾದರೂ ಸಿಗುತ್ತದೆ, ಇಲ್ಲವೇ ‘ಮಹೋತ್ಸವ’ದಿಂದ ತೆಗೆದುಕೊಳ್ಳಬಹುದು. ಅರ್ಧ ಉದುರಿದ ಅಂಕಿಯ ವಿಷಯದಲ್ಲಿ ಮಾತ್ರ ಊಹೆ ಸಲ್ಲದು. ಪದವನ್ನು ಸಂದರ್ಭ ಹೇಳಿಕೊಡುತ್ತದೆ. ದೂರವಾಣಿ ಸಂಖ್ಯೆಯಲ್ಲಿ ಕಳೆದ ಅಂಕಿ 3 ಆಗಿತ್ತೋ 8 ಆಗಿತ್ತೋ ಎಂಬುದನ್ನು ಪಕ್ಕದ ಅಂಕಿಗಳು ಹೇಳುವುದಿಲ್ಲ. ಮನುಷ್ಯರ ಹೆಸರು, ದೇಣಿಗೆಯ ಮೊತ್ತಗಳೂ ಹೀಗೆಯೇ. ಅಲ್ಲಿ ಬಿಳಿ ಬಿಟ್ಟು, ಇನ್ನೊಂದು ಪ್ರತಿ ನೋಡಿಯೋ ಸಂಬಂಧಪಟ್ಟವರನ್ನು ಕೇಳಿಯೋ ತುಂಬಬೇಕು.

ಚಿತ್ರದಲ್ಲೇ ತಿದ್ದುವ ಬದಲು ಒಕ್ಕಣೆಯನ್ನು ಪೂರ್ತಿ ಪಠ್ಯವಾಗಿ ಪಡೆದು ಹೊಸದಾಗಿ ಜೋಡಿಸುವವರೂ ಇದ್ದಾರೆ. ಅಕ್ಷರ ಗುರುತಿಸುವ ಟೆಸೆರಾಕ್ಟ್ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಶುದ್ಧಮಾಡಿದ ಚಿತ್ರವನ್ನು ಅದಕ್ಕೆ ಕೊಡುವ ಆಜ್ಞೆ ಇಷ್ಟೇ:

```
tesseract patra.png patra -l kan
```

ಓದುವ ಮೊದಲು ಅದು ತಾನೇ ಚಿತ್ರವನ್ನು ಕಪ್ಪು-ಬಿಳುಪಾಗಿ ಕತ್ತರಿಸಿಕೊಳ್ಳುತ್ತದೆ, ಮತ್ತು ಅದಕ್ಕೆ ರೂಢಿಯಾಗಿ ಬಳಸುವುದು ಮೊದಲು ಹೇಳಿದ ಒತ್ಸು ವಿಧಾನವನ್ನೇ. ನೆರಳು ಇದ್ದ ಹಾಗೆಯೇ ಕೊಟ್ಟರೆ ನೆರಳಿನ ಭಾಗದ ಸಾಲುಗಳು ಬಿಟ್ಟುಹೋಗುವುದು ಅಥವಾ ಅರ್ಥವಿಲ್ಲದ ಅಕ್ಷರಗಳಾಗಿ ಬರುವುದು ಇದರಿಂದಲೇ. ಮಡಿಕೆಯ ಮೇಲಿನ ಸಾಲುಗಳನ್ನು ಮೂಲ ಹಾಳೆಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡುವುದು ಈ ದಾರಿಯಲ್ಲೂ ತಪ್ಪುವುದಿಲ್ಲ.

ಚಿತ್ರದಲ್ಲೇ ತಿದ್ದುವುದಾದರೆ ಶುದ್ಧವಾದ ಪ್ರತಿಯನ್ನು ಪದರಗಳ ಸಮೇತ ಜಿಂಪಿನ `XCF` ಕಡತವಾಗಿ ಒಂದು, ಎಲ್ಲ ಪದರ ಕೂಡಿಸಿ `PNG` ಆಗಿ ಇನ್ನೊಂದು ಉಳಿಸಬೇಕು. ಮತ್ತೆ ಜೆಪೆಗ್ ಮಾಡಿದರೆ ಬಿಳಿ ಹಾಳೆಯ ಮೇಲೆ ಅಕ್ಷರದ ಸುತ್ತ ಬೂದು ಹೊಗೆ ಏಳುತ್ತದೆ. ಹಳೆಯ ತಾರೀಕನ್ನು ಈಗ ಬಿಳಿ ಕುಂಚದಿಂದ ಅಳಿಸಿದರೆ ತೇಪೆಯ ಗುರುತು ಉಳಿಯುವುದಿಲ್ಲ. ಹೊಸ ತಾರೀಕನ್ನು ಬೇರೆ ಪದರದಲ್ಲಿ ಬರೆದು, ಅದಕ್ಕೆ ಕಡುಗಪ್ಪಿನ ಬದಲು ಪಕ್ಕದ ಅಕ್ಷರದಿಂದ ಹೀರಿದ ಬಣ್ಣವನ್ನೇ ಕೊಡಬೇಕು. ಫೋಟೊದಿಂದ ಬಂದ ಅಕ್ಷರ 0 ಆಗಿರುವುದಿಲ್ಲ, 50ರ ಹತ್ತಿರ ಇರುತ್ತದೆ. ಅದರ ಅಂಚೂ ಕ್ಯಾಮೆರಾದ ಮೂಲಕ ಬಂದದ್ದರಿಂದ ತುಸು ಮೃದು. ಹೊಸ ಅಕ್ಷರದ ಪದರಕ್ಕೆ ಅರ್ಧ ಚುಕ್ಕೆಯಿಂದ ಒಂದು ಚುಕ್ಕೆಯಷ್ಟು `Gaussian Blur` ಕೊಟ್ಟರೆ ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗುತ್ತದೆ.